ಬಂಕಿನ ಫಲಕದಲ್ಲಿಲ್ಲದ ಎಚ್ಚರಿಕೆ

ನಾನು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದವು. ಜನವರಿಯಲ್ಲಿ ಇಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ, ಮತ್ತು ಎಂಥ ಚಳಿಯಲ್ಲೂ ನಮ್ಮ ಕಾರಿಗೆ ಪೆಟ್ರೋಲನ್ನು ನಾವೇ ಹಾಕಿಕೊಳ್ಳಬೇಕು. ನಾಝಲ್ಲಿನ ಹಿಡಿಯಲ್ಲಿ ಒಂದು ಸಣ್ಣ ಕೊಂಡಿ ಇದೆ. ಅದನ್ನು ಸಿಕ್ಕಿಸಿದರೆ ಕೈ ಬಿಟ್ಟರೂ ಪೆಟ್ರೋಲ್ ಹರಿಯುತ್ತಿರುತ್ತದೆ. ಮೊದಲ ಚಳಿಗಾಲದಲ್ಲಿ ನಾನು ಎಲ್ಲರಂತೆ ಕೊಂಡಿ ಸಿಕ್ಕಿಸಿ, ಬೆಚ್ಚಗಿರಲೆಂದು ಕಾರಿನೊಳಗೆ ಹೋಗಿ ಕೂತೆ. ಟ್ಯಾಂಕ್ ತುಂಬಿದ ಸದ್ದು ಕೇಳಿ ಇಳಿದು ಬಾಗಿಲನ್ನು ತಳ್ಳುವಾಗ ಬೆರಳಿನ ತುದಿಗೂ ಲೋಹಕ್ಕೂ ನಡುವೆ ಚಟ್ಟೆಂದು ನೀಲಿ ಕಿಡಿ ಹಾರಿತು. ಅಂದು ಬಾಗಿಲನ್ನು ಮುಟ್ಟದೆ ನೇರವಾಗಿ ನಾಝಲ್ಲಿಗೆ ಕೈ ಹಾಕಿದ್ದರೆ ಆ ಕಿಡಿ ಟ್ಯಾಂಕಿನ ಬಾಯಿಯಲ್ಲೇ ಹಾರುತ್ತಿತ್ತು.

ಉಣ್ಣೆಯ ಕೋಟು ಸೀಟಿನ ಬಟ್ಟೆಗೆ ಉಜ್ಜಿ ಬೇರ್ಪಡುವಾಗ ಮೈಯಲ್ಲಿ ಸ್ಥಿರ ವಿದ್ಯುತ್ ಸೇರುತ್ತದೆ. ರಬ್ಬರ್ ಅಟ್ಟೆಯ ಬೂಟು ಅದನ್ನು ನೆಲಕ್ಕೆ ಇಳಿಯಲು ಬಿಡುವುದಿಲ್ಲ, ಒಣ ಹವೆಯಲ್ಲಿ ಅದು ತಾನಾಗಿ ಸೋರಿಹೋಗುವುದೂ ಇಲ್ಲ. ಹೀಗೆ ಇಳಿದ ಮನುಷ್ಯನ ಮೈ 10,000 ವೋಲ್ಟ್ ತಲುಪಿದರೆ, ಅದರಲ್ಲಿರುವ ಶಕ್ತಿ ಸುಮಾರು 7 ಮಿಲಿಜೂಲ್. ಪೆಟ್ರೋಲ್ ಆವಿಯೂ ಗಾಳಿಯೂ ತಕ್ಕ ಪ್ರಮಾಣದಲ್ಲಿ ಬೆರೆತಿದ್ದರೆ ಅದು ಹೊತ್ತಿಕೊಳ್ಳಲು ಒಂದು ಮಿಲಿಜೂಲಿನ ಕಾಲು ಭಾಗವೇ ಸಾಕು. ಕೈಗೆ ಚುರ್ರೆಂದು ಅನುಭವಕ್ಕೆ ಬರುವ ಕಿಡಿ ಯಾವುದಾದರೂ ಅಷ್ಟು ಶಕ್ತಿಯನ್ನು ಹೊತ್ತೇ ಇರುತ್ತದೆ. ಚಳಿಯಲ್ಲಿ ಆವಿ ಏಳುವುದಿಲ್ಲವೆಂದು ಇಲ್ಲಿ ಹಲವರು ತಿಳಿದಿದ್ದಾರೆ. ಆದರೆ ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ.

ಅಮೆರಿಕದ ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಪೆಟ್ರೋಲ್ ತುಂಬಿಸುವಾಗ ಹೊತ್ತಿದ 150ಕ್ಕೂ ಹೆಚ್ಚು ಬೆಂಕಿಗಳ ವರದಿಗಳನ್ನು ಕಲೆಹಾಕಿ ನೋಡಿತು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ನಡೆದದ್ದು ನಾನು ಮಾಡಿದ್ದೇ: ನಡುವೆ ಕಾರಿನೊಳಗೆ ಹೋಗಿ ಕೂತವರು ಹಿಂದಿರುಗಿ ನಾಝಲ್ ಮುಟ್ಟಿದ್ದರು. ಮೊಬೈಲಿನಿಂದ ಹೊತ್ತಿದ್ದೆಂದು ಖಚಿತವಾದ ಬೆಂಕಿ ಅವುಗಳಲ್ಲಿ ಒಂದೂ ಇರಲಿಲ್ಲ. ಮೊಬೈಲ್ ಬ್ಯಾಟರಿಯ ಒತ್ತಡ ನಾಲ್ಕು ವೋಲ್ಟಿನ ಆಸುಪಾಸಿನದು, ಅದು ಹೊರಸೂಸುವ ರೇಡಿಯೊ ಅಲೆಗಳು ಆವಿಗೆ ಕಿಡಿ ಹೊತ್ತಿಸುವಷ್ಟು ಬಲವಾದವಲ್ಲ. ಬ್ಯಾಟರಿ ಕೆಟ್ಟು ಕಿಡಿ ಹಾರುವ ಸಾಧ್ಯತೆ ತಾತ್ವಿಕವಾಗಿ ಇದೆ, ಆದ್ದರಿಂದ ಮೊಬೈಲ್ ಬಳಸಬೇಡಿ ಎಂದು ಬಂಕುಗಳಲ್ಲಿ ಹಾಕಿರುವ ಫಲಕವನ್ನು ತೆಗೆಯಿರೆಂದು ನಾನು ಹೇಳುತ್ತಿಲ್ಲ. ನನ್ನ ಚಿಂತೆ ಬೇರೆಯದು. ನಮ್ಮೂರಿನ ಬಂಕುಗಳಲ್ಲಿ ಮೊಬೈಲಿನ ಚಿತ್ರಕ್ಕೆ ಕೆಂಪು ಅಡ್ಡಗೆರೆ ಎಳೆದ ಫಲಕದ ಕೆಳಗೇ ಯುಪಿಐ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ದಿನಕ್ಕೆ ನೂರಾರು ಜನ ಅಲ್ಲೇ ಮೊಬೈಲ್ ತೆಗೆದು ಹಣ ಕೊಡುತ್ತಾರೆ. ಆ ಒಂದು ಎಚ್ಚರಿಕೆಯನ್ನು ಯಾರೂ ನಂಬದಂತಾದಾಗ, ಅದರ ಪಕ್ಕದಲ್ಲಿ ಬರೆದ ‘ಎಂಜಿನ್ ಆರಿಸಿ’ ಎಂಬ ಮಾತಿನ ತೂಕವೂ ಇಳಿಯುತ್ತದೆ.

ಕರ್ನಾಟಕದ ಬಂಕುಗಳಲ್ಲಿ ಸ್ಥಿರ ವಿದ್ಯುತ್ತಿನ ಭಯ ಅಮೆರಿಕದಷ್ಟಿಲ್ಲ. ಮಂಗಳೂರಿನಂಥ ಊರಿನ ತೇವದ ಹವೆ ಮೈಯ ವಿದ್ಯುತ್ತನ್ನು ನಿಲ್ಲಗೊಡುವುದಿಲ್ಲ, ಪೆಟ್ರೋಲ್ ಹಾಕುವವರು ಸೀಟಿಗೆ ಹೋಗಿ ಕೂರುವುದೂ ಇಲ್ಲ. ಅಲ್ಲಿ ನನಗೆ ಕಾಣುವ ನಿಜವಾದ ಅಪಾಯ ಬೈಕಿನದು. ಕಾರಿನ ಟ್ಯಾಂಕಿಗೆ ನಾಝಲ್ ಆಳವಾಗಿ ಇಳಿಯುವುದರಿಂದ, ತುದಿಯಲ್ಲಿರುವ ಸಣ್ಣ ರಂಧ್ರ ಪೆಟ್ರೋಲಿನಲ್ಲಿ ಮುಳುಗಿದ ಕೂಡಲೇ ಹರಿವು ತಾನಾಗಿ ನಿಲ್ಲುತ್ತದೆ. ಬೈಕಿನ ಟ್ಯಾಂಕಿಗೆ ನಾಝಲ್ಲನ್ನು ಮೇಲೆಯೇ ಹಿಡಿದು, ಮಟ್ಟವನ್ನು ಕಣ್ಣಿನಿಂದ ನೋಡುತ್ತ ಹಾಕಬೇಕು. ಕಣ್ಣು ಒಂದು ಕ್ಷಣ ತಪ್ಪಿದರೆ ಪೆಟ್ರೋಲ್ ಉಕ್ಕಿ, ಈಗಷ್ಟೇ ಓಡಿ ಬಂದ ಬಿಸಿ ಎಂಜಿನ್ನಿನ ಮೇಲೆ ಸುರಿಯುತ್ತದೆ.

ಕಳೆದ ಬೇಸಿಗೆಯಲ್ಲಿ ತಿಪಟೂರಿನ ಹೊರವಲಯದ ಒಂದು ಬಂಕಿನಲ್ಲಿ ಇದನ್ನು ಕಣ್ಣಾರೆ ಕಂಡೆ. ‘ಫುಲ್ ಮಾಡಿ’ ಎಂದಿದ್ದ ಯುವಕ ಬೈಕಿನ ಮೇಲೆಯೇ ಕೂತಿದ್ದ. ಪೆಟ್ರೋಲ್ ಉಕ್ಕಿ, ಟ್ಯಾಂಕಿನ ಎರಡೂ ಬದಿಯಿಂದ ಇಳಿದು, ಅವನ ಪ್ಯಾಂಟನ್ನು ನೆನೆಸಿ ನೆಲದಲ್ಲಿ ಒಂದು ಚಾಪೆಯಷ್ಟು ಅಗಲ ಹರಡಿತು. ಗಾಬರಿಯಲ್ಲಿ ಅವನ ಹೆಬ್ಬೆರಳು ಸ್ಟಾರ್ಟರ್ ಗುಂಡಿಯ ಕಡೆಗೆ ಹೋಯಿತು. ಪೆಟ್ರೋಲ್ ಹಾಕುತ್ತಿದ್ದ ನಡುವಯಸ್ಸಿನ ಕೆಲಸಗಾರರು ನಾಝಲ್ಲಿನ ಹಿಡಿಯನ್ನು ಆಗಲೇ ಬಿಟ್ಟಿದ್ದರು. ಇನ್ನೊಂದು ಕೈಯಿಂದ ಅವನ ಮಣಿಕಟ್ಟನ್ನು ಹಿಡಿದು, “ಸೆಲ್ಫ್ ಹೊಡೀಬೇಡಪ್ಪ, ಇಳಿ, ತಳ್ಳು” ಎಂದರು. ಸ್ಟಾರ್ಟರಿನ ಒಳಗೆ ಕಿಡಿ ಏಳುತ್ತದೆ, ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಅಂಟಿಕೊಂಡು ಎಂಜಿನ್ನಿನ ಸುತ್ತಲೇ ನಿಂತಿರುತ್ತದೆ. ಆದ್ದರಿಂದ ಆ ಗಳಿಗೆಯಲ್ಲಿ ಗಾಡಿಯನ್ನು ಸ್ಟಾರ್ಟ್ ಮಾಡಲೇಬಾರದು. ಇಬ್ಬರು ಸೇರಿ ಬೈಕನ್ನು ಇಪ್ಪತ್ತು ಹೆಜ್ಜೆ ಆಚೆಗೆ ತಳ್ಳಿದರು.

ಅಷ್ಟರಲ್ಲಿ ಇನ್ನೊಬ್ಬ ಹುಡುಗ ಕೈ ಎತ್ತಿ ಸಾಲಿನಲ್ಲಿದ್ದ ಕಾರನ್ನು ದೂರದಲ್ಲೇ ತಡೆದು ಎಂಜಿನ್ ಆರಿಸಲು ಹೇಳಿದ. ಮ್ಯಾನೇಜರ್ ಎಲ್ಲ ಪಂಪುಗಳ ವಿದ್ಯುತ್ತನ್ನು ಒಮ್ಮೆಲೇ ಕಡಿತಗೊಳಿಸುವ ತುರ್ತು ಸ್ವಿಚ್ಚಿನ ಬಳಿ ನಿಂತರು. ಹರಿವು ನಾಝಲ್ಲಿನಲ್ಲೇ ನಿಂತಿದ್ದರಿಂದ ಅದನ್ನು ಒತ್ತುವ ಅಗತ್ಯ ಬೀಳಲಿಲ್ಲ. ಹೋಸ್ ಹರಿದಿದ್ದರೆ ಅದೇ ಮೊದಲ ಕೆಲಸವಾಗುತ್ತಿತ್ತು. ಕೆಂಪು ಬಕೆಟ್ಟಿನ ಮರಳನ್ನು ಮೊದಲು ಸುರಿದದ್ದು ಚರಂಡಿಯ ಕಡೆಯ ಅಂಚಿಗೆ, ನಂತರ ನಡುಭಾಗಕ್ಕೆ. ಒಣ ಪುಡಿಯ ಅಗ್ನಿಶಾಮಕವನ್ನು ಗಾಳಿ ಬೀಸಿ ಬರುವ ದಿಕ್ಕಿಗೆ ಬೆನ್ನು ಮಾಡಿ ನಿಂತು ಒಬ್ಬರು ಸಿದ್ಧವಾಗಿ ಹಿಡಿದಿದ್ದರು. ಯಾರೂ ನೀರು ಹೊಡೆಯಲಿಲ್ಲ. ಪೆಟ್ರೋಲ್ ನೀರಿನ ಮೇಲೆ ತೇಲುವುದರಿಂದ, ನೀರು ಅದನ್ನು ಚರಂಡಿಗೆ ಕೊಂಡೊಯ್ದು ಬೇರೆಲ್ಲೋ ಹೊತ್ತಿಸಬಹುದು. ನೆನೆದ ಮರಳನ್ನು ಕೊನೆಗೆ ಮುಚ್ಚಳವಿರುವ ಡಬ್ಬಿಗೆ ತುಂಬಿ ಬಯಲಿಗೆ ಸಾಗಿಸಿದರು.

ಈ ಕ್ರಮವನ್ನು ಮಿನಿಯಾಪೊಲಿಸ್‌ನಲ್ಲಿ ನಾನು ಕಾಣಲಾರೆ, ಏಕೆಂದರೆ ಇಲ್ಲಿ ಪಂಪಿನ ಬಳಿ ಕೆಲಸಗಾರರೇ ಇರುವುದಿಲ್ಲ. ಒಳಗಿನ ಅಂಗಡಿಯಲ್ಲಿ ಒಬ್ಬರು ಕೂತಿರುತ್ತಾರೆ. ಸೋರಿದ್ದು ಅವರ ಗಮನಕ್ಕೆ ಬರುವುದು ಯಾರಾದರೂ ಓಡಿಹೋಗಿ ಹೇಳಿದಾಗಲೇ. ನ್ಯೂಜೆರ್ಸಿ ರಾಜ್ಯದಲ್ಲಿ ಮಾತ್ರ 1949ರಿಂದ ಗ್ರಾಹಕರೇ ಪೆಟ್ರೋಲ್ ಹಾಕಿಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. ಕಡಿಮೆ ಸಂಬಳಕ್ಕೆ ಬಿಸಿಲಲ್ಲಿ ನಿಲ್ಲುವ ನಮ್ಮ ಬಂಕಿನ ಕೆಲಸಗಾರರೇ ಅಲ್ಲಿನ ಅತಿ ಮುಖ್ಯ ಸುರಕ್ಷಾ ವ್ಯವಸ್ಥೆಯೆಂದು ನಾನು ನಂಬುತ್ತೇನೆ, ಮತ್ತು ಬೈಕಿನಿಂದ ಇಳಿಯಿರೆಂದು ಗ್ರಾಹಕರಿಗೆ ಹೇಳುವ ಅಧಿಕಾರವನ್ನು ಮಾಲೀಕರು ಅವರಿಗೆ ಕೊಡಬೇಕೆಂದು ಬಯಸುತ್ತೇನೆ.

ಎರಡೂ ದೇಶಗಳಲ್ಲಿ ಬಹುತೇಕರಿಗೆ ತಿಳಿಯದ ವಿಷಯವೊಂದಿದೆ. ಟ್ಯಾಂಕಿನ ಬಾಯಿಯಲ್ಲಿ ಬೆಂಕಿ ಕಂಡರೆ ನಾಝಲ್ಲನ್ನು ಹೊರಗೆಳೆಯಬಾರದು. ಟ್ಯಾಂಕಿನೊಳಗೆ ಆವಿ ದಟ್ಟವಾಗಿದ್ದು ಗಾಳಿ ಸಾಲದೆ ಇರುವುದರಿಂದ, ಉರಿ ಸಾಮಾನ್ಯವಾಗಿ ಬಾಯಿಯಲ್ಲೇ ನಿಲ್ಲುತ್ತದೆ. ಬೆಚ್ಚಿ ನಾಝಲ್ ಎಳೆದವರು ಉರಿಯುವ ಪೆಟ್ರೋಲನ್ನು ತಮ್ಮ ಮೈಮೇಲೂ ನೆಲದ ಮೇಲೂ ಚೆಲ್ಲಿಕೊಳ್ಳುತ್ತಾರೆ. ನಾಝಲ್ಲನ್ನು ಇದ್ದಲ್ಲೇ ಬಿಟ್ಟು ದೂರ ಸರಿದು ತುರ್ತು ಸ್ವಿಚ್ ಒತ್ತಿಸಬೇಕು.

ತಿಪಟೂರಿನ ಆ ಯುವಕ ನೆನೆದ ಪ್ಯಾಂಟನ್ನು ಅಲ್ಲೇ ಕಳಚಲು ಹೊರಟಾಗ ಅದೇ ಕೆಲಸಗಾರರು ಮತ್ತೆ ತಡೆದರು. ಬಟ್ಟೆ ಮೈಯಿಂದ ಬೇರ್ಪಡುವಾಗಲೂ ಕಿಡಿ ಹುಟ್ಟಬಹುದು. ಅವನನ್ನು ಪಂಪಿನಿಂದ ದೂರದ ನಲ್ಲಿಯ ಬಳಿಗೆ ಕರೆದೊಯ್ದು, ಸೊಂಟದಿಂದ ಪಾದದವರೆಗೆ ಎರಡು ಬಕೆಟ್ ನೀರು ಸುರಿದು, ಆಮೇಲೆ ಉಟ್ಟುಕೊಳ್ಳಲು ತಮ್ಮ ಲುಂಗಿಯನ್ನು ಕೊಟ್ಟರು.