ಖರ್ಚಿಗೆ ಮುಂಚೆ ಎಲ್ಲರೂ ಕುಬೇರರೇ

ಮತ್ತೊಂದು ತ್ರೈಮಾಸಿಕ ಮುಗಿಯಿತು, ಮತ್ತದೇ ತಲೆಬರಹ ಬಂತು: ‘ಕಂಪನಿ ಇಬಿಟ್‌ಡಾ ಮಟ್ಟದಲ್ಲಿ ಲಾಭಕ್ಕೆ ಮರಳಿದೆ’. ನಿವ್ವಳ ನಷ್ಟ ಎಷ್ಟೆಂಬುದು ಐದನೇ ಪ್ಯಾರಾದಲ್ಲಿ ಮುಖ ಮುಚ್ಚಿಕೊಂಡು ಕೂತಿರುತ್ತದೆ, ಅಲ್ಲಿಯವರೆಗೆ ಓದಿದವರಿಗೆ ಮಾತ್ರ ದರ್ಶನ.

ಆ ‘ಮಟ್ಟದಲ್ಲಿ’ ಎಂಬ ಪದಕ್ಕೆ ಒಂದು ನಮಸ್ಕಾರ ಹಾಕಲೇಬೇಕು. ಲಾಭಕ್ಕೂ ಮಹಡಿಗಳಿವೆ ಎಂದು ಕಂಡುಹಿಡಿದವರು ಸಾಮಾನ್ಯರಲ್ಲ. ಮೇಲಿನ ಮಹಡಿಯಲ್ಲಿ ಹಾರ, ತುರಾಯಿ, ಚಪ್ಪಾಳೆ. ಕೆಳಗಿನ ಬಾಗಿಲಲ್ಲಿ ಬ್ಯಾಂಕಿನವರು, ತೆರಿಗೆಯವರು, ಯಂತ್ರ ಮಾರಿದವರು ಸಾಲಾಗಿ ನಿಂತಿದ್ದಾರೆ. ಪತ್ರಿಕಾಗೋಷ್ಠಿ ನಡೆಯುವುದು ಮೇಲೆ.

ಇಬಿಟ್‌ಡಾ ಎಂದರೆ ಬಡ್ಡಿ, ತೆರಿಗೆ, ಸವಕಳಿ, ಅಮಾರ್ಟೈಸೇಷನ್ ಈ ನಾಲ್ಕನ್ನು ಕಳೆಯುವ ಮುಂಚಿನ ಗಳಿಕೆ. ಕೊನೆಯದು ಸವಕಳಿಯ ತಮ್ಮ: ಲಾರಿಯ ಬೆಲೆಯನ್ನು ಅದು ಓಡುವ ವರ್ಷಗಳಿಗೆ ಹಂಚಿ ಬರೆದರೆ ಸವಕಳಿ, ಪೇಟೆಂಟು, ತಂತ್ರಾಂಶದಂಥ ಮುಟ್ಟಲಾಗದ ಆಸ್ತಿಯ ಬೆಲೆಯನ್ನು ಹಾಗೆ ಹಂಚಿದರೆ ಅಮಾರ್ಟೈಸೇಷನ್. ಇಡೀ ಹೆಸರಿನ ಜೀವ ಇರುವುದು ‘ಮುಂಚೆ’ ಎಂಬಲ್ಲಿ. ಸೋಲುವ ಮುಂಚೆ ಎಲ್ಲ ಅಭ್ಯರ್ಥಿಗಳೂ ಗೆದ್ದವರೇ.

ವಿಶ್ಲೇಷಕರಿಗೆ ಇದು ಯಾಕೆ ಇಷ್ಟ ಎಂಬುದಕ್ಕೆ ಮರ್ಯಾದಸ್ಥ ಕಾರಣಗಳಿವೆ, ಅದನ್ನೂ ಹೇಳಿಬಿಡೋಣ. ಒಂದು ಕಂಪನಿ ಸಾಲ ಮಾಡಿ ಬೆಳೆದಿದೆ, ಇನ್ನೊಂದು ಷೇರು ಮಾರಿ. ಒಂದು ದೇಶದ ತೆರಿಗೆ ಒಂದು ಥರ, ಪಕ್ಕದ ದೇಶದ್ದು ಇನ್ನೊಂದು. ಒಂದೇ ಲಾರಿಗೆ ಒಬ್ಬರು ಐದು ವರ್ಷ ಆಯುಸ್ಸು ಬರೆದರೆ ಮತ್ತೊಬ್ಬರು ಹತ್ತು ಬರೆಯುತ್ತಾರೆ. ಈ ವ್ಯತ್ಯಾಸಗಳನ್ನೆಲ್ಲ ಪಕ್ಕಕ್ಕಿಟ್ಟು ವ್ಯಾಪಾರಕ್ಕೆ ವ್ಯಾಪಾರವನ್ನಷ್ಟೇ ತೂಗಬೇಕೆಂದರೆ ಇಬಿಟ್‌ಡಾ ಅನುಕೂಲ. ಸಾಲವೂ ಸೇರಿದ ಕಂಪನಿಯ ಒಟ್ಟು ಬೆಲೆಯನ್ನು ಅದರಿಂದ ಭಾಗಿಸಿದರೆ ‘ಎಂಟು ಪಟ್ಟು’, ‘ಹತ್ತು ಪಟ್ಟು’ ಎಂದು ಒಂದೇ ಅಂಕಿ ಸಿಗುತ್ತದೆ. ಮರ್ಯಾದೆ ಇಲ್ಲದ ಕಾರಣ ಇನ್ನೊಂದಿದೆ. ನಿವ್ವಳ ನಷ್ಟವಿದ್ದರೆ ಲಾಭದ ಪಟ್ಟು ಎಂಬುದೇ ಹುಟ್ಟುವುದಿಲ್ಲ, ವರದಿ ಬರೆಯುವವರ ಕೈ ಕಟ್ಟಿಹೋಗುತ್ತದೆ. ಮಹಡಿ ಹತ್ತುತ್ತಾ ಹೋದರೆ ಎಲ್ಲೋ ಒಂದು ಕಡೆ ಅಂಕಿ ಸೊನ್ನೆಗಿಂತ ಮೇಲೆ ಬರುತ್ತದೆ. ಅಲ್ಲೇ ಕುರ್ಚಿ ಹಾಕಿ ಕೂರುವುದು.

ಈ ಅಳತೆಗೆ ಹೆಸರು ತಂದುಕೊಟ್ಟವರು ಅಮೆರಿಕದ ಕೇಬಲ್ ಕಂಪನಿ ಟಿಸಿಐಯನ್ನು 1973ರಿಂದ ನಡೆಸಿದ ಜಾನ್ ಮೆಲೋನ್ ಎನ್ನುತ್ತಾರೆ. ಸಾಲ ಬೆಟ್ಟದಷ್ಟು, ಸವಕಳಿ ಅದಕ್ಕೆ ತಕ್ಕಷ್ಟು, ಹಾಗಾಗಿ ಲೆಕ್ಕದಲ್ಲಿ ಲಾಭವೂ ಇಲ್ಲ, ತೆರಿಗೆಯೂ ಇಲ್ಲ. ಆದರೆ ಕೇಬಲ್ ಒಮ್ಮೆ ಎಳೆದರೆ ಚಂದಾ ಹಣ ತಿಂಗಳು ತಿಂಗಳು ಬರುತ್ತಲೇ ಇತ್ತು. 1980ರ ದಶಕದಲ್ಲಿ ಸಾಲ ಮಾಡಿ ಕಂಪನಿಗಳನ್ನು ಕೊಳ್ಳುವವರು ಇದನ್ನೇ ಎತ್ತಿಕೊಂಡು, ‘ಬಡ್ಡಿ ಕಟ್ಟಲು ಎಷ್ಟು ದುಡ್ಡಿದೆ’ ಎಂಬ ಪ್ರಶ್ನೆಗೆ ಉತ್ತರವಾಗಿ ಬಳಸಿದರು. ಸಾಲ ತೀರಿಸುವ ತಾಕತ್ತನ್ನು ಅಳೆಯುವ ಗಜಕಡ್ಡಿಯದು. ಅದನ್ನೇ ಈಗ ‘ಲಾಭ’ ಎಂದು ಕೂಗಿ ಮಾರಲಾಗುತ್ತಿದೆ.

ಲೆಕ್ಕ ಹಾಕಿ ನೋಡೋಣ. ಒಂದು ಲಾರಿ ಕಂಪನಿ ಇದೆ ಎಂದುಕೊಳ್ಳಿ. ವರ್ಷದ ಬಾಡಿಗೆ ಆದಾಯ 100. ಡ್ರೈವರುಗಳ ಸಂಬಳ, ಡೀಸೆಲ್, ರಿಪೇರಿ, ಆಫೀಸು ಎಲ್ಲ ಸೇರಿ 70. ಇಬಿಟ್‌ಡಾ 30, ಅಂದರೆ ನೂರಕ್ಕೆ ಮೂವತ್ತು. ವಿಶ್ಲೇಷಕರ ಕಣ್ಣಲ್ಲಿ ಆನಂದಬಾಷ್ಪ.

ಲಾರಿಗಳನ್ನು ಕೊಂಡದ್ದು 120ಕ್ಕೆ, ಬಾಳಿಕೆ ಎಂಟು ವರ್ಷ, ಹಾಗಾಗಿ ವರ್ಷದ ಸವಕಳಿ 15. ಬ್ಯಾಂಕಿನ ಸಾಲ 100, ಶೇ 10ರಂತೆ ಬಡ್ಡಿ 10. ಉಳಿದ 5ರಲ್ಲಿ ಕಾಲುಭಾಗ ತೆರಿಗೆ ಹೋದರೆ ನಿವ್ವಳ ಲಾಭ 3.75. ಈಗ ‘ಎಂಟು ಪಟ್ಟು, ಅಗ್ಗ’ ಎಂದು ಯಾರೋ ಶಿಫಾರಸು ಬರೆಯುತ್ತಾರೆ. 30ರ ಎಂಟು ಪಟ್ಟು 240, ಸಾಲ ಕಳೆದರೆ ಷೇರಿನ ಪಾಲಿಗೆ 140. ಅದು ನಿವ್ವಳ ಲಾಭದ 37 ಪಟ್ಟು. ಕಂಪನಿಯೂ ಅದೇ, ಬೆಲೆಯೂ ಅದೇ. ಒಂದು ಕಿಟಕಿಯಲ್ಲಿ ಅಗ್ಗ, ಪಕ್ಕದ ಕಿಟಕಿಯಲ್ಲಿ ದುಬಾರಿ.

ನಗದಿನ ಕಥೆ ಇನ್ನೂ ಚೆಂದ. 30ರಲ್ಲಿ ಬಡ್ಡಿ 10, ತೆರಿಗೆ 1.25 ಕೊಟ್ಟರೆ ಕೈಯಲ್ಲಿ 18.75 ಉಳಿಯಿತು. ಎಂಟರಲ್ಲಿ ಒಂದು ಪಾಲು ಲಾರಿಗಳು ಪ್ರತಿವರ್ಷ ಗುಜರಿ ಸೇರುತ್ತವೆ. ಹೊಸ ಲಾರಿಗಳ ಬೆಲೆ ಏರಿದೆ, ಅಷ್ಟೂ ಲಾರಿಗಳಿಗೆ ಈಗ 160 ಬೇಕು, ಅಂದರೆ ವರ್ಷಕ್ಕೆ 20. ಕೈಯಲ್ಲಿರುವುದು 18.75. ನೂರಕ್ಕೆ ಮೂವತ್ತು ಗಳಿಸುವ ಕಂಪನಿ ಇದ್ದಲ್ಲೇ ಇರಲು ಪ್ರತಿವರ್ಷ 1.25 ಸಾಲ ಮಾಡಬೇಕು. ಸಾಲದ ಅಸಲು ತೀರಿಸುವ ಮಾತನ್ನು ಇನ್ನೂ ಎತ್ತಿಯೇ ಇಲ್ಲ.

‘ಸವಕಳಿ ನಗದಲ್ಲದ ಖರ್ಚು, ಅದಕ್ಕೇ ಬಿಟ್ಟೆವು’ ಎನ್ನುತ್ತಾರೆ. ಎಷ್ಟು ಸಲ ಕೇಳುವುದು ಇದನ್ನು? ಈ ವರ್ಷ ನಗದು ಹೋಗಲಿಲ್ಲ, ನಿಜ. ಲಾರಿ ಕೊಂಡ ದಿನವೇ ಇಡಿಯಾಗಿ ಹೋಗಿದೆ, ಲಾರಿ ಸತ್ತ ದಿನ ಮತ್ತೆ ಹೋಗಲಿದೆ. ಮೊದಲೇ ದುಡ್ಡು ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಖರ್ಚೇ ಆಗಿಲ್ಲ ಎನ್ನುವುದು ಯಾವ ಲೆಕ್ಕಶಾಸ್ತ್ರ? ಇದನ್ನು ಓದುಬರಹ ಬಲ್ಲವರು, ಟೈ ಕಟ್ಟಿಕೊಂಡು, ನಗದೆ ಹೇಳುತ್ತಾರೆ.

ಇರಲಿ. ಈ ಅಂಕಿಗೆ ಬಹುಮಾನ ಕಟ್ಟಿದ ಮೇಲೆ ಖರ್ಚುಗಳು ಇಬಿಟ್‌ಡಾ ಗೆರೆಯ ಮೇಲಿನಿಂದ ಕೆಳಕ್ಕೆ ವಲಸೆ ಹೋಗಲು ಶುರುಮಾಡುತ್ತವೆ. ಕೆಲವೊಮ್ಮೆ ನಿಯಮವೇ ಬಂಡಿ ಕಟ್ಟಿಕೊಡುತ್ತದೆ. ನಮ್ಮ ಕಂಪನಿ ಲಾರಿ ಕೊಳ್ಳದೆ ವರ್ಷಕ್ಕೆ 20 ಕೊಟ್ಟು ದೀರ್ಘಾವಧಿ ಬಾಡಿಗೆಗೆ ತಂದಿದೆ ಎನ್ನಿ. ಹಳೆಯ ಲೆಕ್ಕದಲ್ಲಿ ಇಬಿಟ್‌ಡಾ 10. ಅಂತರರಾಷ್ಟ್ರೀಯ ಹಣಕಾಸು ವರದಿ ಮಾನದಂಡ 16 ಜಾರಿಯಾದ 2019ರಿಂದ, ಹನ್ನೆರಡು ತಿಂಗಳು ಮೀರಿದ ಇಂಥ ಬಾಡಿಗೆ ಆಸ್ತಿಯಾಗಿ, ಸಾಲವಾಗಿ ಪುಸ್ತಕ ಸೇರುತ್ತದೆ. ಬಾಡಿಗೆಯ ಜಾಗಕ್ಕೆ ಸವಕಳಿ, ಬಡ್ಡಿ ಬರುತ್ತವೆ, ಎರಡೂ ಗೆರೆಯ ಕೆಳಗೆ. ಇಬಿಟ್‌ಡಾ 30! ಒಂದು ಲಾರಿಯೂ ಹೆಚ್ಚು ಓಡಲಿಲ್ಲ, ಬಾಡಿಗೆಯಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ. ಮಾನದಂಡದ ಉದ್ದೇಶ ಒಳ್ಳೆಯದೇ, ಬಚ್ಚಿಟ್ಟ ಸಾಲವನ್ನು ಬೆಳಕಿಗೆ ತರುವುದು. ಅಮೆರಿಕದ ನಿಯಮದಲ್ಲಾದರೆ ಮಾಮೂಲಿ ಬಾಡಿಗೆ ಇನ್ನೂ ಗೆರೆಯ ಮೇಲೆಯೇ ಇದೆ. ಹೋಲಿಕೆಗೆ ಅನುಕೂಲವೆಂದು ಹುಟ್ಟಿದ ಅಂಕಿ ಒಂದು ಸಾಗರ ದಾಟುವಷ್ಟರಲ್ಲಿ ಮೂರು ಪಟ್ಟಾಗುತ್ತದೆ.

ಬಂಡಿಗಾಗಿ ಕಾಯದೆ ತಾವೇ ಹೊತ್ತು ಸಾಗಿಸಿದವರು ಅಮೆರಿಕದ ದೂರವಾಣಿ ಕಂಪನಿ ವರ್ಲ್ಡ್‌ಕಾಮ್‌ನವರು. ಗ್ರಾಹಕರ ಕರೆಗಳನ್ನು ಮುಟ್ಟಿಸಲು ಬೇರೆ ದೂರವಾಣಿ ಕಂಪನಿಗಳ ಲೈನುಗಳನ್ನು ಬಳಸಿ ಶುಲ್ಕ ಕೊಡುತ್ತಿದ್ದರು. ಅಂದು ಬಳಸಿದ್ದು ಅಂದಿಗೆ ಮುಗಿಯಿತು, ಶುದ್ಧ ದಿನನಿತ್ಯದ ಖರ್ಚು. ಅದನ್ನು ಬಂಡವಾಳ ವೆಚ್ಚವೆಂದು ಬರೆದು ಆಸ್ತಿಗಳ ಸಾಲಿನಲ್ಲಿ ಕೂರಿಸಿದರು. 2002ರ ಜೂನ್‌ನಲ್ಲಿ ಒಪ್ಪಿಕೊಂಡಾಗ ಮೊತ್ತ ಸುಮಾರು 385 ಕೋಟಿ ಡಾಲರ್: 2001ರಲ್ಲಿ 305 ಕೋಟಿ, 2002ರ ಮೊದಲ ಮೂರೇ ತಿಂಗಳಲ್ಲಿ ಸುಮಾರು 80 ಕೋಟಿ. ಪತ್ತೆ ಹಚ್ಚಿದ್ದು ಅವರದೇ ಆಂತರಿಕ ಲೆಕ್ಕ ಪರಿಶೋಧಕರು. ಖರ್ಚನ್ನು ಹೀಗೆ ಆಸ್ತಿ ಮಾಡಿದರೆ ನಿವ್ವಳ ಲಾಭಕ್ಕೆ ಸಿಗುವುದು ವಾಯಿದೆ ಮಾತ್ರ, ಮುಂದಿನ ವರ್ಷಗಳಲ್ಲಿ ಸವಕಳಿಯ ರೂಪದಲ್ಲಿ ಅದು ವಾಪಸ್ ಬಂದು ಕಚ್ಚುತ್ತದೆ. ಇಬಿಟ್‌ಡಾಕ್ಕೆ ಎಂದೂ ಕಚ್ಚುವುದಿಲ್ಲ. ಒಮ್ಮೆ ಗೆರೆ ದಾಟಿದ ಖರ್ಚಿಗೆ ಅಲ್ಲಿ ಮರುಜನ್ಮವಿಲ್ಲ, ನೇರ ಮೋಕ್ಷ.

ಕಾನೂನಿನ ಒಳಗೇ ಇರುವ ಸಭ್ಯರಿಗೆ ‘ಹೊಂದಾಣಿಕೆ ಮಾಡಿದ’ ಇಬಿಟ್‌ಡಾ ಇದೆ. ನೌಕರರಿಗೆ ಷೇರಿನಲ್ಲಿ ಕೊಟ್ಟ ಸಂಬಳ ಖರ್ಚಲ್ಲ, ವಾಪಸ್ ಕೂಡಿ. ಪುನರ್‌ರಚನೆಯ ವೆಚ್ಚ ‘ಒಂದೇ ಸಲದ್ದು’, ಐದು ವರ್ಷದಿಂದ ಪ್ರತಿವರ್ಷ ಒಂದೇ ಸಲ. ಈ ಕಲೆಯ ಶಿಖರ, ಕಚೇರಿ ಜಾಗವನ್ನು ಬಾಡಿಗೆಗೆ ಕೊಡುವ ವಿವರ್ಕ್. 2017ರಲ್ಲಿ ಅದರ ಆದಾಯ ಸುಮಾರು 87 ಕೋಟಿ ಡಾಲರ್, ನಷ್ಟ ಸುಮಾರು 93 ಕೋಟಿ. 2018ರಲ್ಲಿ ಬಾಂಡ್ ಮಾರಲು ಹೊರಟಾಗ ‘ಸಮುದಾಯ ಹೊಂದಾಣಿಕೆಯ ಇಬಿಟ್‌ಡಾ’ ಎಂಬ ಹೊಸ ಮಹಡಿ ಕಟ್ಟಿಸಿದರು. ಜಾಹೀರಾತು, ಆಡಳಿತ, ವಿನ್ಯಾಸದ ಖರ್ಚುಗಳನ್ನೂ ಲೆಕ್ಕದಿಂದ ಹೊರಗಿಟ್ಟರು. ಅಂಕಿ ಪ್ಲಸ್ 23 ಕೋಟಿ! ಯಾವ ಸಮುದಾಯ, ಯಾರ ಹೊಂದಾಣಿಕೆ ಎಂದು ಕೇಳಬೇಡಿ. ಬಾಂಡುಗಳು ಮಾರಾಟವಾದವು. 2023ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಇದನ್ನೆಲ್ಲ ಹಿಡಿಯಲು ಪತ್ತೇದಾರ ಬೇಕಿಲ್ಲ. ನಗದು ಹರಿವಿನ ಪಟ್ಟಿಯಲ್ಲಿ ಲಾರಿ, ಯಂತ್ರದಂಥ ಸ್ಥಿರಾಸ್ತಿಯ ಖರೀದಿ ಎಂಬ ಸಾಲಿದೆ. ಐದಾರು ವರ್ಷದ ಅಂಕಿಗಳನ್ನು ಸವಕಳಿಯ ಪಕ್ಕ ಬರೆದುಕೊಳ್ಳಿ. ಖರೀದಿ ಸದಾ ಸವಕಳಿಗಿಂತ ಹೆಚ್ಚಿದ್ದು, ವ್ಯಾಪಾರ ಮಾತ್ರ ಬೆಳೆದಿಲ್ಲದಿದ್ದರೆ, ಒಂದೋ ಯಂತ್ರಗಳು ಬರೆದದ್ದಕ್ಕಿಂತ ಬೇಗ ಸಾಯುತ್ತಿವೆ ಅಥವಾ ಬೆಲೆ ಏರಿದೆ, ಇಲ್ಲವೇ ಯಾರೋ ಖರ್ಚನ್ನು ಆಸ್ತಿ ಎನ್ನುತ್ತಿದ್ದಾರೆ. ಆಸ್ತಿಯನ್ನು ಬಾಡಿಗೆಗೆ ತಂದ ಕಂಪನಿಯಾದರೆ ಅದೇ ಪಟ್ಟಿಯ ಕೆಳಗಡೆ, ಹಣಕಾಸು ಚಟುವಟಿಕೆಗಳಲ್ಲಿ, ಗುತ್ತಿಗೆ ಸಾಲದ ಮರುಪಾವತಿ ಎಂದು ಇಣುಕಿ ನೋಡಿ. ಕಳೆದುಹೋದ ಬಾಡಿಗೆಯ ದೊಡ್ಡ ಪಾಲು ಅಲ್ಲಿ ಅಡಗಿ ಕೂತಿರುತ್ತದೆ.

ನಮ್ಮ ಲಾರಿ ಕಂಪನಿ ಏನಾಯಿತು ಎಂದಿರಾ? ಬ್ಯಾಂಕಿಗೆ ಖುಷಿ. ಸಾಲ ಇಬಿಟ್‌ಡಾದ ನಾಲ್ಕು ಪಟ್ಟು ಮೀರಬಾರದು ಎಂಬುದು ಷರತ್ತು, ಇರುವುದು 3.3 ಪಟ್ಟು. ಮ್ಯಾನೇಜರನ ಬೋನಸ್ಸೂ ಇಬಿಟ್‌ಡಾದ ಮೇಲೆಯೇ. ಮೊನ್ನೆ ಒಂದು ಲಾರಿಯ ಎಂಜಿನ್ ಕೆಟ್ಟಿತು. ರಿಪೇರಿ ಮಾಡಿಸಿದರೆ ಅದು ಗೆರೆಯ ಮೇಲಿನ ಖರ್ಚು, ಬೋನಸ್ಸಿಗೆ ಕತ್ತರಿ. ಅದರ ನಾಲ್ಕು ಪಟ್ಟು ಕೊಟ್ಟು ಹೊಸ ಎಂಜಿನ್ ಕೂರಿಸಿದರೆ ಅದು ಆಸ್ತಿ. ಎಂಜಿನ್ ಕೂರಿಸಿದ್ದಾಗಿದೆ, ಉಳಿದ ಲಾರಿಗಳದ್ದನ್ನೂ ಬಿಚ್ಚಿ ನೋಡುತ್ತಿದ್ದಾರಂತೆ.