ನೀವು ಕರೆ ಮಾಡಿದ ಅಮ್ಮ ಸ್ವಿಚ್ ಆಫ್ ಆಗಿದ್ದಾರೆ

ಈ ತಿಂಗಳು ಅಮ್ಮನಿಗಿಂತ ಜಾಸ್ತಿ ನಾನು ಇನ್ನೊಬ್ಬ ಹೆಂಗಸಿನ ಮಾತು ಕೇಳಿದ್ದೇನೆ. "ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ." ಎಷ್ಟು ಸಲ ಮಾಡಿದರೂ ಆಕೆಗೆ ಬೇಜಾರಿಲ್ಲ. ನಿನ್ನೆ ರಾತ್ರಿ ಆರು ಸಲ ಮಾಡಿದೆ. "ಏನಂತೆ ಅತ್ತೆ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು. "ಸ್ವಲ್ಪ ಸಮಯದ ನಂತರ ಪ್ರಯತ್ನಿಸಬೇಕಂತೆ" ಎಂದೆ.

ಸಿಟ್ಟು ಯಾಕೆ ಅಂದರೆ, ಈ ಫೋನನ್ನು ಆರಿಸಿ, ಅಳೆದು, ಪರೀಕ್ಷೆ ಮಾಡಿ ತಂದವನು ನಾನೇ. ಹೆಣ್ಣು ನೋಡಲು ಹೋದಾಗಲೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ.

ಅಮ್ಮನಿಗೆ ಎಪ್ಪತ್ತಾರು. ಮೂಡಿಗೆರೆ ಕಡೆಯ ಹೆಂಚಿನ ಮನೆ, ಮನೆ ಮುಂದೆ ಕಾಫಿ ಒಣಗಿಸುವ ಕಣ. ನಾನಿರುವುದು ಚಿಕ್ಕಮಗಳೂರು ಪೇಟೆಯಲ್ಲಿ. ಹಳೆಯ ಫೋನಿನ ಹಿಂದಿನ ಮುಚ್ಚಳ ನಿಲ್ಲುತ್ತಿಲ್ಲವೆಂದು ಅಮ್ಮ ಅದಕ್ಕೆ ಎರಡು ರಬ್ಬರ್ ಬ್ಯಾಂಡ್ ಹಾಕಿದ್ದಳು. ಮುಚ್ಚಳದ ತಪ್ಪೇನೂ ಇರಲಿಲ್ಲ. ಒಳಗಿನ ಬ್ಯಾಟರಿ ಊದಿಕೊಂಡು ಅದನ್ನು ಆಚೆ ನೂಕುತ್ತಿತ್ತು. ಬ್ಯಾಟರಿ ಊದಿದೆಯಾ ಎಂದು ನೋಡಲು ಸುಲಭ: ತೆಗೆದು ಮೇಜಿನ ಮೇಲೆ ಮಲಗಿಸಿ ಬೆರಳಲ್ಲಿ ತಿರುಗಿಸಬೇಕು. ಸರಿಯಾಗಿದ್ದರೆ ತಿರುಗದೆ ಅಲ್ಲೇ ಕೂರುತ್ತದೆ. ಅಮ್ಮನದ್ದು ಬುಗುರಿಯಂತೆ ಮೂರು ಸುತ್ತು ಹೊಡೆಯಿತು. ಅಂಥದ್ದನ್ನು ಚಾರ್ಜಿಗೆ ಹಾಕುವುದು ಅಪಾಯ, ಬಿಸಾಡೋಣ ಎಂದೆ. "ಎಷ್ಟು ಚೆನ್ನಾಗಿ ತಿರುಗ್ತಿದೆ, ಇನ್ನೂ ಜೀವ ಇದೆ ಕಣೋ" ಎಂದಳು.

ಬೆಂಗಳೂರಿನ ಅಕ್ಕ ಟಚ್ ಫೋನೇ ಕೊಡಿಸೋಣ, ವೀಡಿಯೊ ಕಾಲ್ ಮಾಡಬಹುದು ಎಂದಳು. ಅದನ್ನು ಹೋದ ವರ್ಷವೇ ನೋಡಿ ಆಗಿತ್ತು. ಐವತ್ತು ವರ್ಷ ಕಾಫಿ ಕೊಯ್ದು, ಪಾತ್ರೆ ತಿಕ್ಕಿ ಒಣಗಿದ ಬೆರಳನ್ನು ಆ ಗಾಜು ಬೆರಳೆಂದೇ ಒಪ್ಪಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು, ಅಮ್ಮ ಹಸಿರು ಗುಂಡಿಯನ್ನು ಮೇಲೆ ಕೆಳಗೆ ಎಳೆಯುತ್ತಿದ್ದಳು, ಅದು ನಿಲ್ಲುತ್ತಿತ್ತು. ಕೊನೆಗೆ ಅದು ಸಿಕ್ಕಿದ್ದು ಅಕ್ಕಿ ಡಬ್ಬದ ಹಿಂದೆ. ಹಾಗಾಗಿ ಕೀಪ್ಯಾಡ್ ಫೋನೇ ಎಂದು ತೀರ್ಮಾನವಾಯಿತು.

ಎಂ.ಜಿ. ರೋಡಿನ ಅಂಗಡಿಗೆ ಹೋಗಿ "ವಯಸ್ಸಾದವರಿಗೆ, ಜೋರಾಗಿ ಕೇಳಬೇಕು" ಎಂದೆ. ಹುಡುಗ ಒಂದು ಫೋನ್ ತೆಗೆದು ಹಾಡು ಹಾಕಿದ. ಅಂಗಡಿಯ ಗಾಜಿನ ಕಪಾಟು ನಡುಗಿತು. ಹೊರಗೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. "ನೋಡಿ ಸಾರ್, ಅಜ್ಜಿಗೆ ಪಕ್ಕದೂರಿಗೂ ಕೇಳತ್ತೆ" ಎಂದ.

ಇಲ್ಲೇ ಎಲ್ಲರೂ ಬೀಳುವುದು. ಹಾಡು ಬರುವುದು ಫೋನಿನ ಬೆನ್ನಿಗಿರುವ ಸ್ಪೀಕರ್‌ನಿಂದ. ಮಾತು ಬರುವುದು ಕಿವಿಗೆ ಹಿಡಿಯುವ ಕಡೆಯ ಸಣ್ಣ ಸೀಳಿನಿಂದ. ಅದರ ಸ್ಪೀಕರ್ ಬೇರೆ, ಅದರ ಯೋಗ್ಯತೆಯೂ ಬೇರೆ. ಹಾಡಿಗೆ ಗುಡುಗುವ ಎಷ್ಟೋ ಸೆಟ್ ಕಿವಿಗೆ ಹಿಡಿದರೆ ಹಲ್ಲುನೋವು ಬಂದವರಂತೆ ಮಾತಾಡುತ್ತವೆ. ಹಾಗಾಗಿ ನನ್ನ ಸಿಮ್ ತೆಗೆದು ಅದಕ್ಕೆ ಹಾಕಿ, ರಸ್ತೆಯ ಗಲಾಟೆಯಲ್ಲಿ ಹೋಗಿ ನಿಂತು, ಒಳಗಿನಿಂದ ಹುಡುಗನಿಗೆ ಫೋನ್ ಮಾಡಿಸಿದೆ. ವಾಲ್ಯೂಮ್ ಪೂರ್ತಿ ಏರಿಸಿ "ಸಾಸಿವೆ, ಶೀತ, ಶನಿವಾರ ಅನ್ನಪ್ಪ" ಎಂದೆ. ಅವನು ಅನುಮಾನದಿಂದಲೇ ಅಂದ.

ಸಾಸಿವೆಗೆ ಕಾರಣವಿದೆ. ವಯಸ್ಸಾದಾಗ ಕಿವಿ ಮೊದಲು ಬಿಟ್ಟುಕೊಡುವುದು ತೆಳು ಶಬ್ದಗಳನ್ನು: ಸ, ಶ, ತ, ಫ ಇಂಥವು. ಆ, ಈ, ಓ ಗಟ್ಟಿಯಾಗಿಯೇ ಕೇಳುತ್ತಿರುತ್ತವೆ. ಅದಕ್ಕೇ ಅಮ್ಮ "ಕಿರುಚಬೇಡ, ಕೇಳ್ತದೆ, ಆದ್ರೆ ಏನಂತ ಗೊತ್ತಾಗಲ್ಲ" ಎನ್ನುವುದು. ಹೋದ ಮಳೆಗಾಲದಲ್ಲಿ ನಮ್ಮ ಮಾತುಕತೆ ಹೀಗಿತ್ತು:

"ನಂಗೆ ಶೀತ ಅಮ್ಮ."

"ಈಗ ಏನು?"

"ಈಗ ಅಲ್ಲ, ಶೀತ!"

"ಈಗ ಅಲ್ದಿದ್ರೆ ಮತ್ತೆ ಯಾವಾಗ?"

ಸಣ್ಣ ಸ್ಪೀಕರನ್ನು ಪೂರ್ತಿ ಏರಿಸಿದಾಗ ಅದು ಒಡೆದು ಗರಗರ ಎಂದರೆ ಈ ಸ, ಶಗಳೇ ಮೊದಲು ಹಾಳಾಗುತ್ತವೆ. ಮೊದಲ ಸೆಟ್‌ನಲ್ಲಿ ಸಾಸಿವೆ ಒಗ್ಗರಣೆಗೆ ಬಿದ್ದಂತೆ ಚಟಪಟ ಎಂದಿತು. ಎರಡನೆಯದರಲ್ಲಿ ಶನಿವಾರ ಇರಲೇ ಇಲ್ಲ. ಮೂರನೆಯದು ಅಷ್ಟೇನೂ ಜೋರಿರಲಿಲ್ಲ, ಆದರೆ ಸಾಸಿವೆ ಸಾಸಿವೆಯಾಗಿಯೇ ಬಂತು. ಅದನ್ನೇ ತಗೊಂಡೆ. 4ಜಿ ಸೆಟ್ ಎಂದು ಸ್ವಲ್ಪ ದುಬಾರಿ. ಬೇರೆ ದಾರಿ ಇರಲಿಲ್ಲ. ನಮ್ಮೂರಿಗೆ ತಲುಪುವ ಒಂದೇ ಟವರಿನ ಸಿಮ್ 2ಜಿ ಸೆಟ್‌ನಲ್ಲಿ ನಡೆಯುವುದಿಲ್ಲ. ಬ್ಯಾಟರಿ? "ಒಂದು ಸಲ ಹಾಕಿದ್ರೆ ವಾರ ನೋಡೋದೇ ಬೇಡ ಸಾರ್" ಎಂದ ಹುಡುಗ.

ಕೊಯ್ಲಿನ ರಜೆಗೆ ಊರಿಗೆ ಹೋದಾಗ ಫೋನ್ ಒಯ್ದೆ. ಮೆನು ಕನ್ನಡಕ್ಕೆ ಬದಲಾಯಿಸಿದೆ. ಸೆಟ್ಟಿಂಗ್ಸ್ ಇದ್ದ ಜಾಗದಲ್ಲಿ 'ಸಂಯೋಜನೆಗಳು' ಎಂದು ಬಂತು. "ಯಾರ ಹಾಡಿನದ್ದು?" ಎಂದು ಅಮ್ಮ ಕೇಳಿದಳು. ಅಲ್ಲಿಗೆ ಮೆನುವಿನ ಪಾಠ ಮುಗಿಸಿದೆ. 2 ಒತ್ತಿ ಹಿಡಿದರೆ ನಾನು, 3 ಒತ್ತಿ ಹಿಡಿದರೆ ಅಕ್ಕ. ಎರಡಕ್ಕೂ ಮಗಳ ನೇಲ್ ಪಾಲಿಶ್ ಚುಕ್ಕೆ ಇಟ್ಟೆ. 5 ಮತ್ತು 9ರ ತಂಟೆಗೆ ಮಾತ್ರ ಹೋಗಬೇಡ ಎಂದು ಎರಡೆರಡು ಸಲ ಹೇಳಿದೆ. 2017ರಿಂದ ಮಾರುವ ಕೀಪ್ಯಾಡ್ ಫೋನ್‌ಗಳಲ್ಲಿ ಅವೆರಡರಲ್ಲಿ ಒಂದನ್ನು ಒತ್ತಿ ಹಿಡಿದರೆ ತುರ್ತು ಕರೆ 112ಕ್ಕೆ ಹೋಗಬೇಕೆಂದು ನಿಯಮವಿದೆ. ಕಷ್ಟಕಾಲಕ್ಕೆ ಒಳ್ಳೆಯದೇ. ಆದರೆ ಅಮ್ಮ ಏನನ್ನೂ ಸುಮ್ನೆ ಮುಟ್ಟಿ ಬಿಡುವವಳಲ್ಲ, ಒತ್ತಿದರೆ ಒತ್ತಿದ್ದೇ. ಈ ಮಾತು ಆಗಲೇ ನನ್ನ ತಲೆಗೆ ಹೊಳೆಯಬೇಕಿತ್ತು.

ಬ್ಯಾಟರಿ ವಾರ ಬರಲಿಲ್ಲ. ಅಡುಗೆಮನೆಯ ಗೂಡಿನಲ್ಲಿಟ್ಟರೆ ಎರಡನೆಯ ರಾತ್ರಿಗೆ ಕೊನೆಯ ಕಡ್ಡಿಗೆ ಬಂತು. ಆ ದಿನಗಳಲ್ಲಿ ಫೋನೇ ಬರಲಿಲ್ಲ ಅನ್ನಿ. ಮಗ ಮನೆಯಲ್ಲೇ ಕೂತಿರುವಾಗ ಅಮ್ಮನಿಗೆ ಯಾರು ಮಾಡುತ್ತಾರೆ? ಸುಮ್ಮನೆ ಕೂತೇ ಖಾಲಿಯಾಗಿತ್ತು. ಕಾರಣ ಆ ದಪ್ಪ ಮಣ್ಣಿನ ಗೋಡೆ. ಸಿಗ್ನಲ್ ಕಮ್ಮಿಯಾದಷ್ಟೂ ಫೋನು ಟವರಿಗೆ ಕೇಳಲೆಂದು ಜಾಸ್ತಿ ಶಕ್ತಿ ಹಾಕುತ್ತದೆ. ತಪ್ಪಿಹೋದರೆ ಮತ್ತೆ ಮತ್ತೆ ಹುಡುಕುತ್ತದೆ. ಚಿಕ್ಕಮಗಳೂರು ದೂರವೆಂದು ಅಮ್ಮ ಫೋನಿನಲ್ಲಿ ಕೂಗಿ ಮಾತಾಡುತ್ತಾಳಲ್ಲ, ಅದೇ ಬುದ್ಧಿ. ಪೂರ್ತಿ ಚಾರ್ಜ್ ಮಾಡಿ ಜಗಲಿಯ ಕಿಟಕಿಗೆ ತಂದಿಟ್ಟೆ. ಅಲ್ಲಿ ಎರಡು ಕಡ್ಡಿ ಸಿಗ್ನಲ್. ಮೂರು ದಿನ ಕಳೆದರೂ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಕಿಟಕಿಯ ಸರಳಿಗೆ ಒಂದು ಬಟ್ಟೆ ಚೀಲ ಕಟ್ಟಿ ಫೋನನ್ನು ಅಲ್ಲಿ ಕೂರಿಸಿದೆ. ಬೆನ್ನಿನ ಆ ದೊಡ್ಡ ಸ್ಪೀಕರ್ ಉಪಯೋಗಕ್ಕೆ ಬಂದಿದ್ದು ಆಗ: ರಿಂಗ್ ಆದರೆ ಅಡುಗೆಮನೆಗೂ ಕಣಕ್ಕೂ ಕೇಳುತ್ತಿತ್ತು. ಗೆದ್ದೆ ಎಂದುಕೊಂಡು ಪೇಟೆಗೆ ಬಸ್ ಹತ್ತಿದೆ.

ಮಾರನೆಯ ದಿನದಿಂದಲೇ ಆ ಹೆಂಗಸು ಶುರು.

ಅಮ್ಮ ಚೀಲದಿಂದ ತೆಗೆದು ಮತ್ತೆ ಗೂಡಿನಲ್ಲಿಟ್ಟಿದ್ದಾಳೆ, ಬ್ಯಾಟರಿ ಸತ್ತಿದೆ ಎಂದುಕೊಂಡೆ. ಪಕ್ಕದ ಮನೆಯ ಹುಡುಗನನ್ನು ಕಳಿಸಿ ವಿಚಾರಿಸಿದೆ. "ಚೀಲದಲ್ಲೇ ಇದೆ ಅಣ್ಣ, ಆಫ್ ಆಗಿತ್ತು. ಆನ್ ಮಾಡಿದೆ, ಬ್ಯಾಟರಿ ಫುಲ್ಲಿದೆ" ಎಂದ. ಅಮ್ಮನನ್ನು ಕೇಳಿದರೆ "ನಾನ್ಯಾಕೆ ಆಫ್ ಮಾಡ್ಲಿ? ನಂಗೆ ಆಫ್ ಮಾಡೋಕೆ ಬರಲ್ಲ" ಎನ್ನುತ್ತಾಳೆ. ಅಂಗಡಿಯವನು "ಸೆಟ್ ತನ್ನಿ ನೋಡಣ" ಎಂದ. ಅವನ ಮೇಲೆ ಮನಸ್ಸಿನಲ್ಲೇ ಏನೇನೋ ಬೈದೆ.

ಈ ಭಾನುವಾರ ಊರಿಗೆ ಹೋಗಿ ಜಗಲಿಯಲ್ಲಿ ಕೂತೆ. ಅಕ್ಕನ ಫೋನ್ ಬಂತು. ಅಮ್ಮ ಹಸಿರು ಒತ್ತಿದಳು, ಚೆನ್ನಾಗಿ ಮಾತಾಡಿದಳು, ಸಾಸಿವೆ ಎಲ್ಲ ಸರಿಯಾಗಿ ಕೇಳಿಸಿಕೊಂಡಳು. ಮಾತು ಮುಗಿಯಿತು. ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಹೆಬ್ಬೆರಳನ್ನು ಕೆಂಪು ಬಟನ್ನಿನ ಮೇಲೆ ಇಟ್ಟಳು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿ ಮಾಡುವಾಗ ತುಟಿ ಕಚ್ಚುತ್ತಾಳಲ್ಲ, ಹಾಗೆ ತುಟಿ ಕಚ್ಚಿದಳು. ಒತ್ತಿದಳು. ಬಿಡಲಿಲ್ಲ. ಕಾಲ್ ಕಟ್ಟಾಯಿತು. ಇನ್ನೂ ಬಿಡಲಿಲ್ಲ. ಪರದೆ ಕಪ್ಪಾಗಿ, ಟಿಂಗ್ ಟಿಟಿಂಗ್ ಎಂದು ಸಣ್ಣ ರಾಗವೊಂದು ಬಂತು. ಆಗ ಬೆರಳು ತೆಗೆದು ನನ್ನ ಕಡೆ ನೋಡಿ ನಕ್ಕಳು.

"ನೋಡು, ಸರಿಯಾಗಿ ಕಟ್ ಆದ್ರೆ ಅದೇ ಹೇಳತ್ತೆ."

ಕಾಲ್ ಮುಗಿಸುವ ಬಟನ್ನೇ ಫೋನ್ ಆಫ್ ಮಾಡುವ ಬಟನ್. ಕೀಪ್ಯಾಡ್ ಸೆಟ್‌ಗಳಲ್ಲಿ ಬಹಳಷ್ಟು ಹೀಗೇ. ಸಾಸಿವೆವರೆಗೆ ಪರೀಕ್ಷೆ ಮಾಡಿದ ನಾನು, ಕೆಂಪು ಬಟನ್ ಒತ್ತಿ ಹಿಡಿದರೆ ಏನಾಗುತ್ತದೆಂದು ಅಂಗಡಿಯಲ್ಲಿ ಐದು ಸೆಕೆಂಡ್ ನೋಡಿರಲಿಲ್ಲ. ಮತ್ತೆ ಮಾತಾಡಬೇಕಾದರೆ ಏನು ಮಾಡ್ತೀಯ ಎಂದೆ. "ಅದನ್ನೇ ಮತ್ತೆ ಒತ್ತಿ ಹಿಡೀತೀನಿ. ಎದ್ದೇಳೋಕೆ ಸ್ವಲ್ಪ ಹೊತ್ತು ಬೇಕು ಅದಕ್ಕೆ, ನನ್ನ ಹಾಗೆ."

"ಅಷ್ಟು ಹೊತ್ತು ಯಾಕಮ್ಮ ಒತ್ತೋದು?"

"ಸರಿಯಾಗಿ ಕಟ್ ಆಗದಿದ್ರೆ ನಿನ್ನ ದುಡ್ಡು ಹೋಗ್ತಾ ಇರತ್ತಲ್ಲೋ."

ನಾನು ಹಾಸ್ಟೆಲಿನಲ್ಲಿದ್ದಾಗ ಅಪ್ಪ, ಅಮ್ಮ ಇಬ್ಬರೂ ಎಸ್‌ಟಿಡಿ ಬೂತಿಗೆ ಹೋಗಿ, ಮೀಟರಿನ ಕೆಂಪು ಅಂಕಿ ನೋಡುತ್ತಲೇ ನನ್ನ ಜೊತೆ ಮಾತಾಡುತ್ತಿದ್ದರು. ಅಪ್ಪ ರಿಸೀವರ್ ಇಟ್ಟ ಮೇಲೂ ಅದು ಸರಿಯಾಗಿ ಕೂತಿದೆಯಾ ಎಂದು ಅಮ್ಮ ಒಂದು ಸಲ ಕೈಯಲ್ಲಿ ಅದುಮುತ್ತಿದ್ದಳಂತೆ. ಈಗ ತಿಂಗಳಿಗೊಂದು ರೀಚಾರ್ಜ್, ಎಷ್ಟು ಬೇಕಾದರೂ ಮಾತಾಡಬಹುದು ಎಂದು ಹೇಳಿ ನೋಡಿದೆ. ಹೂಂ ಎಂದಳು. ಹೆಬ್ಬೆರಳು ಒಪ್ಪಿದಂತೆ ಕಾಣಲಿಲ್ಲ.

ಕೊನೆಗೆ ಹೊಸ ಏರ್ಪಾಟು ಮಾಡಿದೆವು. ನಾನೇ ಮೊದಲು ಕಟ್ ಮಾಡುವುದು, ಅಮ್ಮ ಕೆಂಪು ಬಟನ್ ಮುಟ್ಟದೆ ಫೋನನ್ನು ಚೀಲಕ್ಕೆ ಹಾಕುವುದು. ಕೇಳಲು ಸುಲಭ. ಆದರೆ ಅಮ್ಮನ ಮಾತು ಮುಗಿಯುವುದು ಯಾವಾಗ? "ಇಡ್ಲಾ?" "ಇಡಮ್ಮ." "ಇಡ್ತೀನಿ ಹಾಗಾದ್ರೆ." "ಸರಿ." "ಊಟ ಆಯ್ತಾ?" ಅಲ್ಲಿಂದ ಮತ್ತೆ ಹತ್ತು ನಿಮಿಷ. ಇಷ್ಟು ವರ್ಷ ಫೋನ್ ಇಡುತ್ತಿದ್ದವಳು ಅವಳು. ಈಗ ಮಾತಿನ ಮಧ್ಯದಲ್ಲಿ ಜಾಗ ನೋಡಿ ನಾನೇ ಕಟ್ ಮಾಡಬೇಕು. ಸೋಮವಾರ "ಮೆಣಸಿನ ಬಳ್ಳಿಗೆ..." ಎನ್ನುವಾಗ ಕಟ್ ಮಾಡಿದೆ. ಬಳ್ಳಿಗೆ ಏನಾಯಿತು ಎಂದು ಯೋಚಿಸುತ್ತಾ ಮಲಗಿದೆ.

ನಿನ್ನೆಯೂ ಹಾಗೇ ಕಟ್ ಮಾಡಿದೆ. ಎರಡು ನಿಮಿಷ ಬಿಟ್ಟು, ಮಾತ್ರೆ ತಗೊಂಡಳಾ ಎಂದು ಕೇಳುವುದು ಮರೆತಿದ್ದು ನೆನಪಾಗಿ ಮತ್ತೆ ಮಾಡಿದೆ.

"ನೀವು ಕರೆ ಮಾಡಿರುವ ಚಂದಾದಾರರು..."

ಬೆಳಿಗ್ಗೆ ಅಮ್ಮನೇ ಫೋನ್ ಮಾಡಿದಳು. "ನೀನು ಕಟ್ ಮಾಡಿದ್ದೆ, ಸರಿ. ಆದ್ರೆ ಪೂರ್ತಿ ಕಟ್ ಆಗಿದ್ಯೋ ಇಲ್ವೋ ಅಂತ ನಾನೂ ಒಂದ್ಸಲ ಒತ್ತಿದೆ."