ಗೋಷ್ಠಿಯ ನಿರ್ವಾಹಕರ ಕೈಗೆ ಸಿಗುವುದು 40 ನಿಮಿಷ

ಸಾಹಿತ್ಯೋತ್ಸವದ ವೇದಿಕೆಯ ಮೇಲೆ ನಾಲ್ವರು ಲೇಖಕರನ್ನು ಕೂರಿಸಿ, ಒಂದೇ ಪ್ರಶ್ನೆಯನ್ನು ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಕೇಳುತ್ತಾ ಹೋದರೆ ಎಲ್ಲರಿಗೂ ಸಮಾನ ಅವಕಾಶ ಕೊಟ್ಟಂತಾಯಿತು ಎಂದು ಅನೇಕ ನಿರ್ವಾಹಕರು ನಂಬಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಪ್ರಶ್ನೆಯಲ್ಲಿರುವ ಸತ್ವವನ್ನು ಮೊದಲನೆಯವರೇ ಬಳಸಿಕೊಂಡಿರುತ್ತಾರೆ. ನಾಲ್ಕನೆಯವರು "ಹಿಂದಿನವರು ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ" ಎಂದೇ ಮಾತು ಆರಂಭಿಸಬೇಕಾಗುತ್ತದೆ. ನಿಮಿಷಗಳು ಸಮನಾಗಿ ಸಿಕ್ಕರೂ ಅವರಿಗೆ ಹೇಳಲು ಏನೂ ಉಳಿದಿರುವುದಿಲ್ಲ.

ಸಮಯದ ನ್ಯಾಯ ತೀರ್ಮಾನವಾಗುವುದು ಪ್ರಶ್ನೆಗಳನ್ನು ಸಿದ್ಧಪಡಿಸುವಾಗಲೇ. 60 ನಿಮಿಷದ ಗೋಷ್ಠಿಯನ್ನು ತೆಗೆದುಕೊಳ್ಳಿ. ಮೈಕ್ ಸರಿಪಡಿಸಿ ಪರಿಚಯ ಮುಗಿಸಲು 5 ನಿಮಿಷ, ಸಭಿಕರ ಪ್ರಶ್ನೆಗಳಿಗೆ 15 ನಿಮಿಷ ತೆಗೆದಿಟ್ಟರೆ ಉಳಿಯುವುದು 40. ನಿರ್ವಾಹಕರ ಪ್ರಶ್ನೆಗಳು ಮತ್ತು ಜೋಡಣೆಯ ಮಾತುಗಳಿಗೆ 6 ನಿಮಿಷವಾದರೂ ಬೇಕು. ಹಾಗಾಗಿ ಪ್ರತಿಯೊಬ್ಬ ಲೇಖಕರ ಪಾಲಿಗೆ ಬರುವುದು ಎಂಟೂವರೆ ನಿಮಿಷ ಮಾತ್ರ. ಒಂದು ಉತ್ತರ ಎರಡೂವರೆಯಿಂದ ಮೂರು ನಿಮಿಷ ಹಿಡಿಯುವುದರಿಂದ, ಒಬ್ಬರಿಗೆ ಮೂರು ಪ್ರಶ್ನೆಗಳಿಗಿಂತ ಹೆಚ್ಚು ಸಲ್ಲುವುದಿಲ್ಲ. ಹದಿನೈದು ಇಪ್ಪತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಬರುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಆ ಮೂರರಲ್ಲಿ ಎರಡಾದರೂ ಆ ಲೇಖಕರಿಗೆ ಮಾತ್ರ ಕೇಳಬಹುದಾದ ಪ್ರಶ್ನೆಗಳಾಗಿರಬೇಕು. ಅಂದರೆ ನಿರ್ವಾಹಕರು ಪುಸ್ತಕ ಓದಿರಲೇಬೇಕು, ಬೆನ್ನುಡಿ ಸಾಲದು. "ನಿಮ್ಮ ಬರವಣಿಗೆಯ ಪ್ರೇರಣೆಯೇನು" ಎಂಬ ಪ್ರಶ್ನೆಗೆ ಹಲವು ವೇದಿಕೆಗಳಲ್ಲಿ ಹೇಳಿ ಸವೆದ ಉತ್ತರವೇ ಬರುತ್ತದೆ. ಅದರ ಬದಲು "ಇಡೀ ಕಾದಂಬರಿಯಲ್ಲಿ ತಾಯಿಯ ಹೆಸರು ಒಮ್ಮೆಯೂ ಬರುವುದಿಲ್ಲ, ಈ ನಿರ್ಧಾರ ಯಾವ ಹಂತದಲ್ಲಿ ಆಯಿತು?" ಎಂದು ಕೇಳಿದರೆ ಲೇಖಕರು ಒಂದು ಕ್ಷಣ ಯೋಚಿಸಿ, ನಿಜವಾಗಿ ನೆನಪಿಸಿಕೊಂಡು ಉತ್ತರಿಸುತ್ತಾರೆ. ಮಿತಭಾಷಿ ಲೇಖಕರಿಗಂತೂ ಇಂಥ ಪ್ರಶ್ನೆಯೇ ಆಸರೆ. ಚರ್ಚೆಯ ವಿಷಯಗಳನ್ನೂ ಪ್ರತಿಯೊಬ್ಬರಿಗೂ ಕೇಳಲಿರುವ ಮೊದಲ ಪ್ರಶ್ನೆಯನ್ನೂ ನಾನು ಮುಂಚಿತವಾಗಿ ಕಳುಹಿಸುತ್ತೇನೆ, ಉಳಿದವನ್ನು ಕಳುಹಿಸುವುದಿಲ್ಲ. ಎಲ್ಲವನ್ನೂ ಕೊಟ್ಟರೆ ಕೆಲವರು ಉತ್ತರಗಳನ್ನು ಬರೆದು ತಂದು ಓದುತ್ತಾರೆ, ಆಗ ಸಂವಾದ ಉಳಿಯುವುದಿಲ್ಲ.

ಇಷ್ಟಾದರೂ ವೇದಿಕೆಯ ಮೇಲೆ ಲೆಕ್ಕ ತಪ್ಪುತ್ತದೆ. ಹಿರಿಯ ಕಾದಂಬರಿಕಾರರು, ಒಬ್ಬ ಕವಿ, ಮೊದಲ ಸಂಕಲನ ತಂದಿರುವ ಕತೆಗಾರ್ತಿ ಮತ್ತು ಒಬ್ಬ ಅನುವಾದಕರು ಕುಳಿತಿದ್ದಾರೆ ಎಂದುಕೊಳ್ಳೋಣ. ನಿರ್ವಾಹಕರ ಹಾಳೆಯಲ್ಲಿ ನಾಲ್ಕು ಹೆಸರುಗಳಿರುತ್ತವೆ. ಯಾರು ಒಂದು ನಿಮಿಷ ಮಾತನಾಡಿದರೂ ಅವರ ಹೆಸರಿನ ಮುಂದೆ ಒಂದು ಗೀಟು. ಅರ್ಧ ದಾರಿಯಲ್ಲಿ, ಅಂದರೆ 20ನೇ ನಿಮಿಷದಲ್ಲಿ ನೋಡಿದರೆ ಹಿರಿಯರಿಗೆ 9, ಕವಿಗೆ 4, ಕತೆಗಾರ್ತಿಗೆ 3, ಅನುವಾದಕರಿಗೆ 1 ಗೀಟು ಬಿದ್ದಿವೆ. ಉಳಿದ 3 ನಿಮಿಷ ನಿರ್ವಾಹಕರದೇ. ಈ ಗೀಟುಗಳಿಲ್ಲದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಏಕೆಂದರೆ ಸೊಗಸಾಗಿ ಮಾತನಾಡುವವರ ಒಂಬತ್ತು ನಿಮಿಷ ಕೇಳುವವರಿಗೆ ನಾಲ್ಕೈದರಂತೆ ತೋರುತ್ತದೆ. ಹಿರಿಯರ ಪಾಲು ಇಲ್ಲಿಗೇ ಮುಗಿದಿದೆ. ಅವರಿಗಾಗಿ ಬರೆದಿಟ್ಟಿದ್ದ ಉಳಿದ ಪ್ರಶ್ನೆಗಳನ್ನು ಕೈಬಿಟ್ಟು, ಅನುವಾದಕರಿಗೆ ಸಾಲಾಗಿ ಎರಡು ಪ್ರಶ್ನೆ ಹಾಕಬೇಕು. ಅದರಿಂದ ಹಿರಿಯರಿಗೆ ನಷ್ಟವಿಲ್ಲ. ಸಭಿಕರ 15 ನಿಮಿಷದಲ್ಲಿ ಹೆಚ್ಚಿನ ಪ್ರಶ್ನೆಗಳು ಹೇಗೂ ಅವರತ್ತಲೇ ಹೋಗುತ್ತವೆ. ಹೆಸರಾಂತ ಲೇಖಕರಿಗೆ ಸಿಗುವ ಈ ಹೆಚ್ಚುವರಿ ಸಮಯವನ್ನು ಮೊದಲೇ ಗಣನೆಗೆ ತೆಗೆದುಕೊಳ್ಳದಿದ್ದರೆ 40 ನಿಮಿಷವನ್ನು ಎಷ್ಟು ನಾಜೂಕಾಗಿ ಹಂಚಿದರೂ ಕೊನೆಗೆ ಅಸಮತೋಲನವೇ ಉಳಿಯುತ್ತದೆ.

ಮಾತನ್ನು ತಡೆಯುವುದು ಹೇಗೆ ಎಂಬುದು ಸೂಕ್ಷ್ಮವಾದ ಸಂಗತಿ. "ಸಮಯದ ಅಭಾವವಿದೆ" ಎಂದು ಸಭೆಯ ಮುಂದೆ ಹೇಳಿದರೆ ಲೇಖಕರಿಗೆ ಮುಜುಗರವಾಗುತ್ತದೆ. ಅವರ ವಾಕ್ಯ ಮುಗಿಯುವ ಜಾಗಕ್ಕಾಗಿ ಕಾದು, ಅವರದೇ ಮಾತಿನ ಒಂದು ಅಂಶವನ್ನು ಎತ್ತಿಕೊಂಡು ಪಕ್ಕದವರಿಗೆ ದಾಟಿಸಬೇಕು: "ಸರ್, ಅಜ್ಜಿಯ ಕತೆಗಳು ಪ್ರತಿಸಲವೂ ಬದಲಾಗುತ್ತಿದ್ದವು ಎಂದಿರಿ. ಮೇಡಂ, ನಿಮ್ಮ ಮೂರನೆಯ ಕತೆಯಲ್ಲಿ ಸುಳ್ಳು ನೆನಪೇ ಕುಟುಂಬವನ್ನು ಒಡೆಯುತ್ತದಲ್ಲವೇ?" ಹೀಗೆ ದಾಟಿಸಲು ಮುಂದಿನ ಪ್ರಶ್ನೆ ತಯಾರಿರಬೇಕು, ಅದಕ್ಕಿಂತ ಮುಖ್ಯವಾಗಿ ನಿರ್ವಾಹಕರು ಕೇಳಿಸಿಕೊಳ್ಳುತ್ತಿರಬೇಕು. ತಲೆ ತಗ್ಗಿಸಿ ಹಾಳೆಯನ್ನೇ ನೋಡುತ್ತಿರುವವರಿಗೆ ಆ ಎಳೆ ಸಿಗುವುದಿಲ್ಲ. ನಾನು ಮುಂದಕ್ಕೆ ಬಾಗಿ ಮೈಕ್ ಎತ್ತಿಕೊಂಡರೆ ಅರ್ಧ ನಿಮಿಷದಲ್ಲಿ ಮುಗಿಸಬೇಕೆಂಬ ಸೂಚನೆಯನ್ನು ವೇದಿಕೆ ಹತ್ತುವ ಮೊದಲೇ ನಾಲ್ವರಿಗೂ ತಿಳಿಸಿರುತ್ತೇನೆ.

ಸಭಿಕರ ಸರದಿಯಲ್ಲಿ ಒಬ್ಬರಿಗೆ ಒಂದೇ ಪ್ರಶ್ನೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತತವಾಗಿ ಎರಡು ಪ್ರಶ್ನೆಗಳು ಒಬ್ಬರೇ ಲೇಖಕರಿಗೆ ಬಂದರೆ, ಎರಡನೆಯದನ್ನು ಗೀಟು ಕಡಿಮೆಯಿರುವವರ ಪುಸ್ತಕಕ್ಕೂ ಅನ್ವಯಿಸಿ ಅವರಿಂದಲೇ ಉತ್ತರ ಆರಂಭಿಸಬಹುದು. ಗೋಷ್ಠಿ ಹತ್ತು ನಿಮಿಷ ತಡವಾಗಿ ಶುರುವಾದಾಗ ಮೊಟಕುಗೊಳಿಸಬೇಕಾದದ್ದು ಸಭಿಕರ ಈ ಅವಧಿಯನ್ನೇ. ಲೇಖಕರ ಎಂಟೂವರೆ ನಿಮಿಷಕ್ಕೆ ಕೈಹಾಕಬಾರದು.